ಪೆಟ್ರೋಲ್ ಹಾಕಿಸಿದ ಮೇಲೆಯೇ ಕಾರು ಸ್ಟಾರ್ಟ್ ಆಗುವುದಿಲ್ಲವೇ? ಪರ್ಜ್ ವಾಲ್ವ್ ಒಮ್ಮೆ ನೋಡಿಸಿ

ಬೆಳಿಗ್ಗೆ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುವ ಕಾರು. ದಿನವಿಡೀ ಓಡಿಸಿದರೂ ಏನೂ ತೊಂದರೆ ಇಲ್ಲ. ಆದರೆ ಬಂಕಿಗೆ ಹೋಗಿ ಟ್ಯಾಂಕ್ ಫುಲ್ ಮಾಡಿಸಿ ಕೀ ತಿರುಗಿಸಿದರೆ ಸೆಲ್ಫ್ ಹೊಡೆಯುತ್ತಲೇ ಇರುತ್ತದೆ, ಎಂಜಿನ್ ಹಿಡಿಯುವುದಿಲ್ಲ. ನಾಲ್ಕೈದು ಸಲ ಪ್ರಯತ್ನಿಸಿದ ಮೇಲೆ ಕೆಮ್ಮುತ್ತಾ, ನಡುಗುತ್ತಾ ಸ್ಟಾರ್ಟ್ ಆಗುತ್ತದೆ, ಒಳಗೆಲ್ಲ ಪೆಟ್ರೋಲ್ ವಾಸನೆ. ಎರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಏನೂ ಆಗಿಲ್ಲ ಎಂಬಂತೆ ಸರಿಯಾಗುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಹಳದಿ ಬಣ್ಣದ ಎಂಜಿನ್ ಲೈಟ್ ಮಾತ್ರ ಆರುವುದಿಲ್ಲ.

ಇದನ್ನು ಓದಿದ ಕೂಡಲೇ ಕೆಲವರಿಗೆ ತಮ್ಮ ಕಾರೇ ನೆನಪಾಗಿರಬಹುದು. ಹೆಚ್ಚಿನವರು ಮೊದಲು ಬಂಕಿನವನನ್ನು ಬೈಯುತ್ತಾರೆ, ಪೆಟ್ರೋಲಿನಲ್ಲಿ ನೀರು ಇದೆ ಅಂತ. ಈಗೀಗ ಎಥನಾಲ್ ಮೇಲೂ ತಪ್ಪು ಹೊರಿಸುವುದಿದೆ. ಪೆಟ್ರೋಲೇ ಕೆಟ್ಟದ್ದಾಗಿದ್ದರೆ ತೊಂದರೆ ಐದು ನಿಮಿಷಕ್ಕೆ ಮುಗಿಯುವುದಿಲ್ಲ, ಆ ಟ್ಯಾಂಕ್ ಖಾಲಿಯಾಗುವವರೆಗೂ ಕಾಡುತ್ತದೆ. ಹಾಕಿಸಿದ ತಕ್ಷಣ ಬಂದು ಸ್ವಲ್ಪ ಹೊತ್ತಿನಲ್ಲಿ ಮಾಯವಾಗುವ ತೊಂದರೆಗೆ ಕಾರಣ ಬೇರೆಯೇ ಇರುತ್ತದೆ. ಹಲವು ಸಲ ಅದು ಪರ್ಜ್ ವಾಲ್ವ್ ಎನ್ನುವ, ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಒಂದು ಬಿಡಿಭಾಗ.

ಝುವಾರಿನಗರದಲ್ಲಿ ವ್ಯಾಪಾರ ಮಾಡಿಕೊಂಡಿರುವ ನಮ್ಮಂಥವರಿಗೆ ಈ ವಿಷಯ ಗೊತ್ತಿರಬೇಕಾದದ್ದಕ್ಕೆ ಒಂದು ಕಾರಣ ಇದೆ. ಕರ್ನಾಟಕಕ್ಕಿಂತ ಗೋವಾದಲ್ಲಿ ಪೆಟ್ರೋಲ್ ಲೀಟರಿಗೆ ಕೆಲವು ರೂಪಾಯಿ ಅಗ್ಗ. ಊರಿಗೆ ಹೊರಟವರು ವೆರ್ಣಾ, ಮಡಗಾಂವ್ ದಾಟಿ ಕಾಣಕೋಣಕ್ಕೆ ಬಂದಾಗ, ಪೋಳೆಂ ಗಡಿಯ ಮೊದಲು ಸಿಗುವ ಬಂಕಿನಲ್ಲಿ ಟ್ಯಾಂಕಿನ ಬಾಯಿವರೆಗೆ ತುಂಬಿಸಿಕೊಳ್ಳುತ್ತಾರೆ. ಮಂಗಳೂರಿಗೆ ಸುಮಾರು 350 ಕಿಲೋಮೀಟರ್ ದಾರಿ, ಎಷ್ಟು ಹಿಡಿಯುತ್ತದೋ ಅಷ್ಟು ಹಾಕಿಸು ಎಂಬ ಲೆಕ್ಕ. ಆ 'ಎಷ್ಟು ಹಿಡಿಯುತ್ತದೋ ಅಷ್ಟು' ಎನ್ನುವುದೇ ಈ ವಾಲ್ವನ್ನು ಹಾಳು ಮಾಡುವ ಅಭ್ಯಾಸ. ಹೇಗೆ ಅಂತ ಮುಂದೆ ನೋಡೋಣ.

ಮೊದಲು ಈ ವಾಲ್ವಿನ ಕೆಲಸ ಏನು ಅಂತ ತಿಳಿಯಬೇಕು. ಪೆಟ್ರೋಲ್ ಸುಮ್ಮನೆ ಇದ್ದರೂ ಆವಿಯಾಗುತ್ತಲೇ ಇರುತ್ತದೆ. ನಮ್ಮ ಕರಾವಳಿಯ ಬಿಸಿಲಿನಲ್ಲಂತೂ ಕೇಳುವುದೇ ಬೇಡ. ಆ ಆವಿಯನ್ನು ಹೊರಗೆ ಬಿಟ್ಟರೆ ಗಾಳಿ ಕೆಡುತ್ತದೆ, ಪೆಟ್ರೋಲೂ ನಷ್ಟ. ಹೊಸ ಕಾರಿನ ಮಾದರಿಯನ್ನು ಮಾರಾಟಕ್ಕೆ ಬಿಡುವ ಮೊದಲು ಅದನ್ನು ಮುಚ್ಚಿದ ಕೋಣೆಯಲ್ಲಿ ನಿಲ್ಲಿಸಿ ಎಷ್ಟು ಆವಿ ಸೋರುತ್ತದೆ ಅಂತ ಅಳೆಯುತ್ತಾರೆ. ಭಾರತ್ ಸ್ಟೇಜ್ ನಿಯಮದ ಪ್ರಕಾರ ಒಂದು ಪರೀಕ್ಷೆಯಲ್ಲಿ ಅದು 2 ಗ್ರಾಂ ಮೀರಬಾರದು. ಹಾಗಾಗಿ ಟ್ಯಾಂಕಿನ ಆವಿ ಒಂದು ಪೈಪಿನ ಮೂಲಕ ಕಪ್ಪು ಪ್ಲಾಸ್ಟಿಕ್ ಡಬ್ಬಕ್ಕೆ ಹೋಗುವಂತೆ ಮಾಡಿರುತ್ತಾರೆ. ಆ ಡಬ್ಬದ ಹೆಸರು ಕ್ಯಾನಿಸ್ಟರ್. ಒಳಗೆ ಇದ್ದಿಲಿನ ಸಣ್ಣ ಸಣ್ಣ ಕಾಳುಗಳಿರುತ್ತವೆ. ಸ್ಪಂಜು ನೀರನ್ನು ಹೀರಿದ ಹಾಗೆ ಆ ಇದ್ದಿಲು ಪೆಟ್ರೋಲಿನ ಆವಿಯನ್ನು ಹಿಡಿದಿಟ್ಟುಕೊಳ್ಳುತ್ತದೆ.

ಸ್ಪಂಜು ತುಂಬಿದರೆ ಹಿಂಡಬೇಕಲ್ಲ? ಆ ಕೆಲಸ ಪರ್ಜ್ ವಾಲ್ವಿನದ್ದು. ಇದು ಕ್ಯಾನಿಸ್ಟರ್ ಮತ್ತು ಎಂಜಿನ್ನಿನ ಇನ್‌ಟೇಕ್ ಮ್ಯಾನಿಫೋಲ್ಡ್ ನಡುವೆ ಇರುತ್ತದೆ. ಬಾನೆಟ್ ಎತ್ತಿದರೆ ಎರಡು ರಬ್ಬರ್ ಪೈಪ್ ಮತ್ತು ಎರಡು ವಯರಿನ ಒಂದು ಕನೆಕ್ಟರ್ ಇರುವ ಸಣ್ಣ ಕಪ್ಪು ತುಂಡು ಕಾಣುತ್ತದೆ. ಕರೆಂಟ್ ಇಲ್ಲದಾಗ ಅದು ಮುಚ್ಚಿರುತ್ತದೆ. ಎಂಜಿನ್ ಬಿಸಿಯಾಗಿ ಸಲೀಸಾಗಿ ಓಡುತ್ತಿರುವಾಗ ಎಂಜಿನ್ನಿನ ಕಂಪ್ಯೂಟರ್ ಅದಕ್ಕೆ ಟಕ್ ಟಕ್ ಅಂತ ಬಿಟ್ಟು ಬಿಟ್ಟು ಕರೆಂಟ್ ಕೊಡುತ್ತದೆ. ಆಗ ಎಂಜಿನ್ನಿನ ಎಳೆತಕ್ಕೆ ಕ್ಯಾನಿಸ್ಟರಿನಲ್ಲಿದ್ದ ಆವಿ ಸ್ವಲ್ಪ ಸ್ವಲ್ಪವೇ ಒಳಗೆ ಬಂದು ಉರಿದು ಹೋಗುತ್ತದೆ. ಎಷ್ಟು ಆವಿ ಬರುತ್ತಿದೆಯೋ ಅದಕ್ಕೆ ತಕ್ಕಂತೆ ಇಂಜೆಕ್ಟರಿನ ಪೆಟ್ರೋಲನ್ನು ಕಂಪ್ಯೂಟರ್ ಕಡಿಮೆ ಮಾಡುತ್ತದೆ. ಡ್ರೈವರಿಗೆ ಇದು ಯಾವುದೂ ಗೊತ್ತೇ ಆಗುವುದಿಲ್ಲ.

ಈಗ ವಾಲ್ವ್ ಮುಚ್ಚದೆ, ತೆರೆದೇ ಸಿಕ್ಕಿಹಾಕಿಕೊಂಡಿದೆ ಅಂದುಕೊಳ್ಳಿ. ಮಾಮೂಲಿ ದಿನಗಳಲ್ಲಿ ಕ್ಯಾನಿಸ್ಟರಿನಲ್ಲಿ ಆವಿ ಕಡಿಮೆ, ಹಾಗಾಗಿ ಅಲ್ಲಿಂದ ಬರುವುದು ಹೆಚ್ಚಾಗಿ ಬರೀ ಗಾಳಿ. ಎಂಜಿನ್ ಅದನ್ನು ಹೇಗೋ ಸಂಭಾಳಿಸಿಕೊಳ್ಳುತ್ತದೆ. ಟ್ಯಾಂಕಿಗೆ 30-35 ಲೀಟರ್ ಪೆಟ್ರೋಲ್ ಬಿದ್ದಾಗ ಕಥೆ ಬೇರೆ. ಅಷ್ಟು ಹೊತ್ತು ಟ್ಯಾಂಕಿನ ಖಾಲಿ ಜಾಗದಲ್ಲಿದ್ದ ಅಷ್ಟೇ ಪ್ರಮಾಣದ ಆವಿ ಎಲ್ಲಿಗಾದರೂ ಹೋಗಲೇಬೇಕು. ಒಂದು ಭಾಗ ಟ್ಯಾಂಕಿನ ಬಾಯಿಯಿಂದ ಹೊರಗೆ ಬರುತ್ತದೆ, ಬಂಕಿನಲ್ಲಿ ನಮ್ಮ ಮೂಗಿಗೆ ಬಡಿಯುವುದು ಅದೇ. ಇನ್ನೊಂದು ಭಾಗ ಕ್ಯಾನಿಸ್ಟರಿಗೆ ನುಗ್ಗುತ್ತದೆ, ಅಲ್ಲಿಂದ ತೆರೆದೇ ಇರುವ ವಾಲ್ವಿನ ಮೂಲಕ ಮ್ಯಾನಿಫೋಲ್ಡಿಗೆ. ನೀವು ಕೀ ತಿರುಗಿಸುವ ಹೊತ್ತಿಗೆ ಅಲ್ಲಿ ಗಾಳಿ ಇರಬೇಕಾದ ಜಾಗದಲ್ಲಿ ಪೆಟ್ರೋಲಿನ ಆವಿ ಇದೆ. ಕಂಪ್ಯೂಟರಿಗೆ ಇದು ಗೊತ್ತಿಲ್ಲ, ಅದು ಸ್ಟಾರ್ಟಿಂಗಿಗೆ ಬೇಕಾದ ಪೆಟ್ರೋಲನ್ನೂ ಇಂಜೆಕ್ಟರಿನಿಂದ ಹಾಕುತ್ತದೆ. ಪೆಟ್ರೋಲ್ ಹೆಚ್ಚಾಗಿ, ಗಾಳಿ ಸಾಲದೆ ಕಿಡಿ ಹತ್ತುವುದಿಲ್ಲ. ಹಳೆಯ ಸ್ಕೂಟರಿನಲ್ಲಿ ಓವರ್ ಫ್ಲೋ ಆಗಿದೆ ಅನ್ನುತ್ತಿದ್ದರಲ್ಲ, ಹೆಚ್ಚುಕಡಿಮೆ ಅದೇ.

ಬಂಕಿನಲ್ಲಿ ಹೀಗೆ ಸಿಕ್ಕಿಬಿದ್ದರೆ ಒಂದು ಉಪಾಯ ಇದೆ. ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ. ಹೆಚ್ಚಿನ ಇಂಜೆಕ್ಷನ್ ಕಾರುಗಳಲ್ಲಿ ಹೀಗೆ ಮಾಡಿದಾಗ ಕಂಪ್ಯೂಟರ್ ಇಂಜೆಕ್ಟರುಗಳನ್ನು ಬಂದ್ ಮಾಡುತ್ತದೆ, ಒಳಗೆ ಬರುವುದು ಗಾಳಿ ಮಾತ್ರ. ಕಟ್ಟಿದ ಆವಿ ಹೊರಗೆ ಹೋಗಿ ಎಂಜಿನ್ ಹಿಡಿಯುತ್ತದೆ. ಹಿಡಿದ ಕೂಡಲೇ ಕಾಲು ತೆಗೆಯಬೇಕು. ಒಂದು ಸಲಕ್ಕೆ ಐದಾರು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬೇಡಿ, ನಡುವೆ ಸ್ವಲ್ಪ ಬಿಡಿ, ಇಲ್ಲದಿದ್ದರೆ ಸ್ಟಾರ್ಟರ್ ಮತ್ತು ಬ್ಯಾಟರಿಗೂ ಖರ್ಚು ಬರುತ್ತದೆ. ಈ ಉಪಾಯ ಕೆಲಸ ಮಾಡಿತು ಅಂದರೆ ಅದೇ ಒಂದು ಸುಳಿವು. ಪೆಟ್ರೋಲ್ ಸಾಲದೆ ಸ್ಟಾರ್ಟ್ ಆಗದ ಕಾರು ಹೀಗೆ ಮಾಡಿದರೆ ಹಿಡಿಯುವುದಿಲ್ಲ. ಹೆಚ್ಚಾಗಿ ಸ್ಟಾರ್ಟ್ ಆಗದ ಕಾರು ಹಿಡಿಯುತ್ತದೆ.

ಇನ್ನು ಒಂದು ಕಾರಿನ ವಿಷಯಕ್ಕೆ ಬರುತ್ತೇನೆ. ಉಳ್ಳಾಲ ಕಡೆಯ ಒಬ್ಬರು ಕಾಕ ಇಲ್ಲಿ ಬಹಳ ವರ್ಷದಿಂದ ಅಂಗಡಿ ಇಟ್ಟುಕೊಂಡಿದ್ದಾರೆ. ತಿಂಗಳಿಗೊಮ್ಮೆ ಊರಿಗೆ ಹೋಗಿ ಬರುವವರು. ಏಳು ವರ್ಷ ಹಳೆಯ ಪೆಟ್ರೋಲ್ ಕಾರು. ಕಳೆದ ವರ್ಷ ಗಡಿ ಹತ್ತಿರದ ಬಂಕಿನಲ್ಲಿ ಮೊದಲ ಸಲ ಕೈಕೊಟ್ಟಿತು, ಆಮೇಲೆ ಪ್ರತಿ ಸಲ ಫುಲ್ ಮಾಡಿದಾಗಲೂ ಅದೇ ಕಥೆ. ಜೊತೆಗೆ ಎಂಜಿನ್ ಲೈಟ್. ಒಂದು ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿದಾಗ `P0172` ಅಂತ ಬಂತು. ಇದರ ಅರ್ಥ, ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚಾಗಿದೆ ಅಂತ ಮಾತ್ರ, ಯಾಕೆ ಹೆಚ್ಚಾಯಿತು ಅಂತ ಅದು ಹೇಳುವುದಿಲ್ಲ. ಅವರು ಆಕ್ಸಿಜನ್ ಸೆನ್ಸರ್ ಬದಲಾಯಿಸಿದರು. ಕೋಡ್ ಅಳಿಸಿದಾಗ ಲೈಟ್ ಆರಿತು, ಮುಂದಿನ ಫುಲ್ ಟ್ಯಾಂಕಿಗೆ ಮತ್ತೆ ಬಂತು. ಇನ್ನೊಂದು ಕಡೆ ಸ್ಟಾರ್ಟಿಂಗ್ ತೊಂದರೆ ಅಂದ ಕೂಡಲೇ ಫ್ಯೂಯೆಲ್ ಪಂಪ್ ಬದಲಾಯಿಸಿದರು. ಎರಡೂ ಸೇರಿ ಹನ್ನೊಂದು ಸಾವಿರ ಹೋಯಿತು, ತೊಂದರೆ ಹೋಗಲಿಲ್ಲ. "ಮಾರಾಯ್ರೇ, ಇನ್ನು ಪೆಟ್ರೋಲ್ ಹಾಕ್ಲಿಕ್ಕೇ ಹೆದರಿಕೆ ಆಗ್ತದೆ" ಅಂತ ಕಾಕ ಹೇಳುತ್ತಿದ್ದರು.

ಕೊನೆಗೆ ಕಾರು ನೋಡಿದ್ದು ಇಲ್ಲಿಯೇ ಇರುವ, ಹುಬ್ಬಳ್ಳಿ ಕಡೆಯ ಒಬ್ಬ ಮೆಕ್ಯಾನಿಕ್. ಅವನು ಕೇಳಿದ ಮೊದಲ ಪ್ರಶ್ನೆಯೇ, "ಸಾಹೇಬ್ರ, ಪೆಟ್ರೋಲ್ ಹಾಕಿದ ಮ್ಯಾಲೆ ಅಷ್ಟ ಹಿಂಗ ಆಗ್ತದೋ, ಯಾವಾಗ್ಲೂ ಆಗ್ತದೋ?" ಹಾಕಿದ ಮೇಲೆ ಮಾತ್ರ ಅಂದಾಗ ಅವನು ಬಿಡಿಭಾಗಕ್ಕೆ ಕೈ ಹಾಕದೆ ಸ್ಕ್ಯಾನರಿನಲ್ಲಿ ಬೇರೆ ಒಂದು ಅಂಕಿ ತೆಗೆದ. ಅದರ ಹೆಸರು ಶಾರ್ಟ್ ಟರ್ಮ್ ಫ್ಯೂಯೆಲ್ ಟ್ರಿಮ್, ಸ್ಕ್ರೀನಿನಲ್ಲಿ `STFT` ಅಂತ ಬರುತ್ತದೆ. ಕಂಪ್ಯೂಟರ್ ಮಾಮೂಲಿ ಲೆಕ್ಕಕ್ಕಿಂತ ಎಷ್ಟು ಶೇಕಡಾ ಪೆಟ್ರೋಲ್ ಹೆಚ್ಚು ಅಥವಾ ಕಡಿಮೆ ಹಾಕುತ್ತಿದೆ ಎಂಬುದನ್ನು ಅದು ತೋರಿಸುತ್ತದೆ. ಸರಿಯಿರುವ ಕಾರಿನಲ್ಲಿ ಅದು ಸೊನ್ನೆಯ ಆಸುಪಾಸಿನಲ್ಲೇ ಮೇಲೆ ಕೆಳಗೆ ಆಡುತ್ತಿರುತ್ತದೆ.

ಟ್ಯಾಂಕ್ ಅರ್ಧ ಇದ್ದಾಗ, ಎಂಜಿನ್ ಬಿಸಿಯಾಗಿ ಐಡಲಿನಲ್ಲಿ ನಿಂತಿರುವಾಗ ಆ ಅಂಕಿ ಪ್ಲಸ್ 12ರ ಹತ್ತಿರ ಇತ್ತು. ಅಂದರೆ ಎಲ್ಲಿಂದಲೋ ಲೆಕ್ಕಕ್ಕೆ ಸಿಗದ ಗಾಳಿ ಬರುತ್ತಿದೆ, ಅದನ್ನು ಸರಿದೂಗಿಸಲು ಕಂಪ್ಯೂಟರ್ ಪೆಟ್ರೋಲ್ ಹೆಚ್ಚಿಸುತ್ತಿದೆ. ಅಲ್ಲಿಂದ ನೇರ ಬಂಕಿಗೆ ಹೋಗಿ ಫುಲ್ ಮಾಡಿಸಿದರು. ನಿರೀಕ್ಷಿಸಿದಂತೆ ಸ್ಟಾರ್ಟ್ ಆಗಲು ಕಷ್ಟಪಟ್ಟಿತು. ಸ್ಟಾರ್ಟ್ ಆದ ಮೇಲೆ ಅದೇ ಅಂಕಿ ಮೈನಸ್ 22. ಈಗ ಅದೇ ದಾರಿಯಿಂದ ಗಾಳಿಯ ಬದಲು ಆವಿ ಬರುತ್ತಿದೆ, ಕಂಪ್ಯೂಟರ್ ಪೆಟ್ರೋಲನ್ನು ಕಡಿತ ಮಾಡುತ್ತಿದೆ. ಟ್ಯಾಂಕ್ ಅರ್ಧ ಇದ್ದಾಗ ಪ್ಲಸ್, ಫುಲ್ ಆದಾಗ ಮೈನಸ್. ಸೆನ್ಸರ್ ಕೆಟ್ಟಿದ್ದರೆ ಹೀಗೆ ಬಂಕಿಗೆ ತಕ್ಕಂತೆ ಬದಲಾಗುವುದಿಲ್ಲ, ಇಂಜೆಕ್ಟರ್ ಸೋರಿದರೂ ಆಗುವುದಿಲ್ಲ. ಈ ಒಂದು ವ್ಯತ್ಯಾಸ ಹಿಡಿದರೆ ಅರ್ಧ ಕೆಲಸ ಮುಗಿದ ಹಾಗೆ.

ಎಂಜಿನ್ ಓಡುತ್ತಿರುವಾಗಲೇ ಅವನು ವಾಲ್ವಿನಿಂದ ಮ್ಯಾನಿಫೋಲ್ಡಿಗೆ ಹೋಗುವ ರಬ್ಬರ್ ಪೈಪಿಗೆ ಬಟ್ಟೆ ಸುತ್ತಿ ಇಕ್ಕಳದಿಂದ ಒತ್ತಿ ಹಿಡಿದ. ಒಂದು ನಿಮಿಷದೊಳಗೆ ಮೈನಸ್ 22 ಇದ್ದದ್ದು ಮೈನಸ್ 4ಕ್ಕೆ ಬಂತು, ನಡುಗುತ್ತಿದ್ದ ಐಡಲ್ ಸಮ ಆಯಿತು. ಆಮೇಲೆ ಎಂಜಿನ್ ಆಫ್ ಮಾಡಿ, ತಣ್ಣಗಾಗಲು ಬಿಟ್ಟು, ವಾಲ್ವ್ ಬಿಚ್ಚಿ ಕನೆಕ್ಟರ್ ತೆಗೆದು ಸಣ್ಣ ಕೈಪಂಪಿನಿಂದ ಗಾಳಿ ಹೊಡೆದ. ಕರೆಂಟ್ ಇಲ್ಲದ ವಾಲ್ವಿನಲ್ಲಿ ಗಾಳಿ ದಾಟಬಾರದು. ಇಲ್ಲಿ ಸಲೀಸಾಗಿ ದಾಟಿತು. ಕೆಲವರು ಬಾಯಿಯಿಂದಲೇ ಊದಿ ನೋಡುತ್ತಾರೆ, ಪೆಟ್ರೋಲ್ ಆವಿ ಇರುವ ಪೈಪಿಗೆ ಬಾಯಿ ಇಡುವುದು ಒಳ್ಳೆಯದಲ್ಲ. ಬೀಡಿ, ಸಿಗರೇಟ್ ಹತ್ತಿರವೂ ಇರಬಾರದು ಅಂತ ಬೇರೆ ಹೇಳಬೇಕಾಗಿಲ್ಲ.

ಕಾಕನಿಗೆ ಖುಷಿ, ವಾಲ್ವ್ ಹಾಕಿದರೆ ಮುಗಿಯಿತಲ್ಲ ಅಂತ. ಆದರೆ ಮೆಕ್ಯಾನಿಕ್ ಹಳೆಯ ವಾಲ್ವನ್ನು ಬಿಳಿ ಕಾಗದದ ಮೇಲೆ ಕುಟ್ಟಿ ತೋರಿಸಿದ. ಕಪ್ಪು ಪುಡಿ ಬಿತ್ತು. "ಇದ ನೋಡ್ರೀ, ಕ್ಯಾನಿಸ್ಟರ್‌ದಾಗಿನ ಇದ್ದಿಲ. ಬರೇ ವಾಲ್ವ್ ಹಾಕಿದ್ರ ನಾಕ ತಿಂಗಳಿಗೆ ಮತ್ತ ಬರ್ತೀರಿ."

ಇಲ್ಲಿಗೇ ನಾವು ಮೊದಲು ಹೇಳಿದ ಅಭ್ಯಾಸ ಬರುವುದು. ಬಂಕಿನ ನಾಜಲಿನ ತುದಿಯಲ್ಲಿ ಒಂದು ಸಣ್ಣ ತೂತು ಇರುತ್ತದೆ. ಪೆಟ್ರೋಲ್ ಅಲ್ಲಿವರೆಗೆ ಏರಿದಾಗ ನಾಜಲ್ 'ಕಟ್' ಅಂತ ತಾನಾಗಿಯೇ ನಿಲ್ಲುತ್ತದೆ. ಟ್ಯಾಂಕಿನ ಮೇಲ್ಭಾಗದಲ್ಲಿ ಆವಿಗೆ ಸ್ವಲ್ಪ ಜಾಗ ಉಳಿಯಲಿ ಅಂತಲೇ ಆ ಲೆಕ್ಕ. ಆದರೆ ನಮ್ಮಲ್ಲಿ ಅಲ್ಲಿಗೆ ಬಿಡುವುದಿಲ್ಲ. ರೌಂಡ್ ಫಿಗರ್ ಮಾಡಿ, ಸ್ವಲ್ಪ ಅಲ್ಲಾಡಿಸಿ ಹಾಕಿ, ಬಾಯಿವರೆಗೆ ಬರಲಿ ಅಂತ ನಿಂತು ಹಾಕಿಸುತ್ತೇವೆ. ಆಗ ಆವಿಯ ಪೈಪಿಗೆ ಆವಿಯ ಬದಲು ದ್ರವ ಪೆಟ್ರೋಲೇ ಹೋಗಿ ಕ್ಯಾನಿಸ್ಟರನ್ನು ಒದ್ದೆ ಮಾಡುತ್ತದೆ. ಇದ್ದಿಲು ಆವಿಯನ್ನು ಹಿಡಿಯಲು ಇರುವುದು, ನೆನೆಯಲು ಅಲ್ಲ. ಪದೇ ಪದೇ ನೆನೆದರೆ ಹಿಡಿಯುವ ಶಕ್ತಿ ಹೋಗುತ್ತದೆ, ಕಾಳುಗಳು ಪುಡಿಯಾಗುತ್ತವೆ. ಆ ಪುಡಿ ಎಂಜಿನ್ನಿನ ಎಳೆತಕ್ಕೆ ಸಿಕ್ಕಿ ಬಂದು ಪರ್ಜ್ ವಾಲ್ವಿನ ಬಾಯಿಯಲ್ಲಿ ಕೂರುತ್ತದೆ. ಬಾಗಿಲ ಸಂದಿಯಲ್ಲಿ ಕಲ್ಲು ಸಿಕ್ಕಿದ ಹಾಗೆ, ವಾಲ್ವ್ ಮುಚ್ಚಿಕೊಳ್ಳುವುದಿಲ್ಲ.

ಬಿ.ಕಾಂ. ಓದಿದ್ದಕ್ಕೆ ಇಷ್ಟಾದರೂ ಲೆಕ್ಕ ಹಾಕೋಣ. ಗೋವಾದಲ್ಲಿ ಲೀಟರಿಗೆ 6 ರೂಪಾಯಿ ಉಳಿಯುತ್ತದೆ ಅಂತ ಹಿಡಿಯಿರಿ. 35 ಲೀಟರಿಗೆ 210 ರೂಪಾಯಿ, ಅದು ನಿಜವಾದ ಉಳಿತಾಯ, ಬಿಡಬೇಕಾಗಿಲ್ಲ. ಆದರೆ ನಾಜಲ್ ನಿಂತ ಮೇಲೆ ಒತ್ತಾಯದಿಂದ ಹಾಕಿಸುವುದು ಹೆಚ್ಚೆಂದರೆ 2 ಲೀಟರ್. ಅದರಲ್ಲಿ ಉಳಿಯುವುದು 12 ರೂಪಾಯಿ. ಕಾಕನಿಗೆ ವಾಲ್ವಿಗೆ 1,800, ಕ್ಯಾನಿಸ್ಟರಿಗೆ 4,200, ಕೂಲಿ 700 ಬಿತ್ತು. ಮೊದಲು ಸುಮ್ಮನೆ ಹೋದ ಹನ್ನೊಂದು ಸಾವಿರ ಬೇರೆ. ರೇಟು ಕಾರಿನಿಂದ ಕಾರಿಗೆ ಬದಲಾಗುತ್ತದೆ. ಎರಡೂ ಬದಲಾಯಿಸಿ, ನಡುವಿನ ಪೈಪುಗಳನ್ನು ಗಾಳಿ ಹೊಡೆದು ಸ್ವಚ್ಛ ಮಾಡಿದ ಮೇಲೆ ಕಾರು ಮೂರು ಸಲ ಊರಿಗೆ ಹೋಗಿ ಬಂದಿದೆ, ಬಂಕಿನಲ್ಲಿ ಒಂದೇ ಸೆಲ್ಫಿಗೆ ಏಳುತ್ತದೆ.

ಎಲ್ಲರ ಕಾರಿನಲ್ಲೂ ಕ್ಯಾನಿಸ್ಟರ್ ಹೋಗಿಯೇ ಇರುತ್ತದೆ ಅಂತಲ್ಲ. ವಾಲ್ವ್ ಒಳಗಿನ ಸ್ಪ್ರಿಂಗ್ ಅಥವಾ ಸೀಲ್ ಸವೆದೂ ಅದು ತೆರೆದೇ ನಿಲ್ಲಬಹುದು. ಕುಟ್ಟಿದಾಗ ಪುಡಿ ಬೀಳದಿದ್ದರೆ, ಕ್ಯಾನಿಸ್ಟರನ್ನು ಅಲ್ಲಾಡಿಸಿದಾಗ ಒಳಗೆ ದ್ರವ ಆಡುವ ಸದ್ದಿಲ್ಲದಿದ್ದರೆ ವಾಲ್ವ್ ಮಾತ್ರ ಹಾಕಿದರೂ ಸಾಕು. ಅಂಗಡಿಯವನು ಎರಡೂ ಬೇಕೇ ಬೇಕು ಅಂದರೆ ಆ ಬಿಳಿ ಕಾಗದದ ಪರೀಕ್ಷೆ ಮಾಡಿಸಿ.

ಎಂಜಿನ್ ಲೈಟಿನ ಬಗ್ಗೆಯೂ ಒಂದು ಗೊಂದಲ ಇದೆ. ಸ್ಕ್ಯಾನರಿನಲ್ಲಿ `P0443`, `P0444` ಅಥವಾ `P0445` ಬಂದರೆ ಅದು ಪರ್ಜ್ ವಾಲ್ವಿನ ಕರೆಂಟಿನ ಕಡೆಯ ದೋಷ. ವಯರ್ ತುಂಡಾಗಿದೆ, ಕನೆಕ್ಟರ್ ಸಡಿಲ, ಇಲಿ ಕಚ್ಚಿದೆ, ಅಥವಾ ವಾಲ್ವಿನ ಕಾಯಿಲ್ ಸುಟ್ಟಿದೆ. ಕರೆಂಟ್ ಸಿಗದಿದ್ದರೆ ವಾಲ್ವ್ ಮುಚ್ಚಿಯೇ ಇರುತ್ತದೆ, ಹಾಗಾಗಿ ಲೈಟ್ ಉರಿದರೂ ಬಂಕಿನಲ್ಲಿ ಸ್ಟಾರ್ಟಿಂಗ್ ತೊಂದರೆ ಸಾಮಾನ್ಯವಾಗಿ ಬರುವುದಿಲ್ಲ. ತದ್ವಿರುದ್ಧವಾಗಿ, ಕಸ ಸಿಕ್ಕಿ ತೆರೆದೇ ನಿಂತ ವಾಲ್ವಿನ ಕಾಯಿಲ್ ಚೆನ್ನಾಗಿಯೇ ಇರುತ್ತದೆ. ಮಲ್ಟಿಮೀಟರಿನಲ್ಲಿ ಓಮ್ ಸರಿಯಾಗಿ ತೋರಿಸುತ್ತದೆ, 12 ವೋಲ್ಟ್ ಕೊಟ್ಟರೆ ಟಿಕ್ ಅನ್ನುತ್ತದೆ. ಅಷ್ಟು ನೋಡಿ 'ವಾಲ್ವ್ ಓಕೆ' ಅಂದುಬಿಡುವ ಮೆಕ್ಯಾನಿಕ್‌ಗಳೇ ಹೆಚ್ಚು. ಟಿಕ್ ಅನ್ನುವುದು ಬೇರೆ, ಪೂರ್ತಿ ಮುಚ್ಚುವುದು ಬೇರೆ. ಗಾಳಿ ಹೊಡೆದು ನೋಡದೆ ತೀರ್ಮಾನ ಮಾಡಬಾರದು.

ಗಲ್ಫಿನಲ್ಲಿರುವ ನಮ್ಮವರಿಗೆ ಇನ್ನೊಂದು ಮಾತು. ಅಲ್ಲಿ ಓಡುವ ಅಮೆರಿಕನ್ ಸ್ಪೆಕ್ ಕಾರುಗಳಲ್ಲಿ ಟ್ಯಾಂಕಿನ ಒತ್ತಡ ಅಳೆಯುವ ಸೆನ್ಸರ್ ಇರುತ್ತದೆ. ಆ ಕಾರುಗಳು ಇದೇ ದೋಷಕ್ಕೆ ನೇರವಾಗಿ `P0496` ಅಥವಾ `P0441` ತೋರಿಸುತ್ತವೆ, ಟ್ಯಾಂಕಿನ ಮುಚ್ಚಳ ಸಡಿಲ ಇದ್ದರೂ ಲೈಟ್ ಹಾಕುತ್ತವೆ. ಊರಿನಲ್ಲಿರುವ ಅನೇಕ ಕಾರುಗಳಲ್ಲಿ ಆ ಸೆನ್ಸರ್ ಇಲ್ಲ. ಹಾಗಾಗಿ ಕಾಕನ ಕಾರಿನಂತೆ ಬರೀ `P0172` ಬರಬಹುದು, ಅಥವಾ ಕೋಡೇ ಬರದೆ ಸ್ಟಾರ್ಟಿಂಗ್ ತೊಂದರೆ ಮಾತ್ರ ಇರಬಹುದು. ಅಮೆರಿಕದ ವೀಡಿಯೋ ನೋಡಿ, ನನ್ನ ಕಾರಿನಲ್ಲಿ ಆ ಕೋಡ್ ಇಲ್ಲ, ಹಾಗಾದರೆ ವಾಲ್ವ್ ಅಲ್ಲ ಅಂತ ಯುವಕರು ವಾದ ಮಾಡುವುದನ್ನು ಕೇಳಿದ್ದೇನೆ. ಆ ವಾದ ನಿಲ್ಲುವುದಿಲ್ಲ.

ಲೈಟ್ ಸ್ಥಿರವಾಗಿ ಉರಿಯುತ್ತಿದ್ದರೆ ಕಾರು ಓಡಿಸಿಕೊಂಡು ಗ್ಯಾರೇಜಿಗೆ ಹೋಗಬಹುದು. ಮಿಣುಕುತ್ತಿದ್ದರೆ ಎಂಜಿನ್ ಮಿಸ್ ಹೊಡೆಯುತ್ತಿದೆ ಅಂತ ಅರ್ಥ, ಸುರಕ್ಷಿತ ಜಾಗ ನೋಡಿ ನಿಲ್ಲಿಸಿ. ಹಾಗಂತ ಸ್ಥಿರ ಲೈಟನ್ನು ವರ್ಷಗಟ್ಟಲೆ ಬಿಡುವುದೂ ಬೇಡ. ಹೆಚ್ಚಾದ ಪೆಟ್ರೋಲ್ ಉರಿಯದೆ ಸೈಲೆನ್ಸರ್ ದಾರಿಯ ಕೆಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಸುಡುತ್ತದೆ. ವಾಲ್ವಿನ ಬೆಲೆ ಅದರ ಮುಂದೆ ಏನೇನೂ ಅಲ್ಲ. ರಿಪೇರಿ ಸರಿಯಾಗಿದ್ದರೆ ಕೋಡ್ ಅಳಿಸದಿದ್ದರೂ, ಕಂಪ್ಯೂಟರ್ ಸಾಮಾನ್ಯವಾಗಿ ಮೂರು ಸಲ ತಪಾಸಣೆ ಮಾಡಿ ದೋಷ ಸಿಗದಿದ್ದಾಗ ಲೈಟ್ ತಾನಾಗಿಯೇ ಆರುತ್ತದೆ.

ಈಗ ಬೈಕು, ಸ್ಕೂಟರಿನಲ್ಲೂ ಕ್ಯಾನಿಸ್ಟರ್ ಇದೆ. ಭಾರ ಕಡಿಮೆ ಮಾಡುತ್ತೇವೆ ಅಂತ ಕೆಲವು ಹುಡುಗರು ಅದನ್ನು ಕಿತ್ತು ಪೈಪಿನ ಬಾಯಿ ಹಾಗೆಯೇ ಬಿಡುತ್ತಾರೆ. ತೆರೆದ ಪೈಪಿನಿಂದ ಪೆಟ್ರೋಲಿನ ಆವಿ ಬಿಸಿ ಎಂಜಿನ್ನಿನ ಪಕ್ಕದಲ್ಲೇ ಹೊರಬರುತ್ತದೆ ಎಂಬುದು ಅವರಿಗೆ ತಿಳಿದಂತಿಲ್ಲ.

ಇಲ್ಲಿ ಗೋವಾ ರಿಜಿಸ್ಟ್ರೇಷನ್ನಿನ ಹಳೆಯ ಕಾರು ಕೊಂಡು ಊರಿಗೆ ಒಯ್ಯುವವರು ಬಹಳ. ಕೊಳ್ಳುವ ಮೊದಲು ಕೀಯನ್ನು ಆನ್ ಮಾಡಿ, ಸ್ಟಾರ್ಟ್ ಮಾಡದೆ ಡ್ಯಾಶ್‌ಬೋರ್ಡ್ ನೋಡಿ. ಎಂಜಿನ್ ಲೈಟ್ ಆಗ ಉರಿಯಬೇಕು, ಸ್ಟಾರ್ಟ್ ಆದ ಮೇಲೆ ಆರಬೇಕು. ಆನ್ ಮಾಡಿದಾಗಲೂ ಉರಿಯದಿದ್ದರೆ ಯಾರೋ ಅದನ್ನು ಬಂದ್ ಮಾಡಿರಬಹುದು. ಮಾರುವ ದಿನ ಬೆಳಿಗ್ಗೆ ಕೋಡ್ ಅಳಿಸಿ ತರುವವರೂ ಇದ್ದಾರೆ. ಸ್ಕ್ಯಾನರಿನಲ್ಲಿ ರೆಡಿನೆಸ್ ಎನ್ನುವ ಪಟ್ಟಿ ತೆಗೆಸಿ, ಹೆಚ್ಚಿನವು 'ಅಪೂರ್ಣ' ಅಂತ ಇದ್ದರೆ ಇತ್ತೀಚೆಗೆ ಕೋಡ್ ಅಳಿಸಿರಬಹುದು, ಅಥವಾ ಬ್ಯಾಟರಿ ಬಿಚ್ಚಿರಬಹುದು. ಸ್ಕ್ಯಾನರ್ ಸಿಗದಿದ್ದರೆ ಟೆಸ್ಟ್ ಡ್ರೈವಿನಲ್ಲಿ ಹತ್ತು ಕಿಲೋಮೀಟರ್ ಓಡಿಸಿ, ದಾರಿಯ ಬಂಕಿನಲ್ಲಿ ನಿಮ್ಮದೇ ದುಡ್ಡಿನಲ್ಲಿ ನಾಜಲ್ ತಾನಾಗಿ ನಿಲ್ಲುವವರೆಗೆ ಪೆಟ್ರೋಲ್ ಹಾಕಿಸಿ, ಆಮೇಲೆ ಕೀ ತಿರುಗಿಸಿ ನೋಡಿ.